ಆರತಿಯ ತಟ್ಟೆ ಯಾರ ಕೈಯಲ್ಲಿ?

ಮದುವೆಯ ದಿನಗಳು ಬಂದವೆಂದರೆ ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿ-ನೇರುಳದವರೆಗೆ ನಮ್ಮವರ ಮನೆಗಳಲ್ಲಿ ಹೊಸ ಸೊಸೆಯರು ಹೊಸ್ತಿಲು ದಾಟುತ್ತಾರೆ. ಹೊಸ ಅಳಿಯಂದಿರು ಮೊದಲ ಸಲ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಊರು ಬಿಟ್ಟು ಬಂದ ನಾವು ಎಷ್ಟೋ ಸಂಪ್ರದಾಯಗಳನ್ನು ರೈಲಿನ ಗದ್ದಲದಲ್ಲಿ ಕಳೆದುಕೊಂಡೆವು. ಆದರೆ ಬಾಗಿಲಲ್ಲಿ ಬರಮಾಡಿಕೊಳ್ಳುವ ಈ ಒಂದನ್ನು ಮಾತ್ರ ಬಿಟ್ಟಿಲ್ಲ. ಲಿಫ್ಟಿಗೂ ಬಾಗಿಲಿಗೂ ನಡುವೆ ನಾಲ್ಕಡಿ ಜಾಗವಿದ್ದರೂ ಅಲ್ಲಿಯೇ ರಂಗೋಲಿ ಹಾಕುತ್ತೇವೆ, ಅಕ್ಕಿ ತುಂಬಿದ ಸೇರು ಇಡುತ್ತೇವೆ, ಅಕ್ಕತಂಗಿಯರು ಬಾಗಿಲು ಅಡ್ಡಗಟ್ಟಿ ಹೆಸರು ಹೇಳಿಸುತ್ತಾರೆ. ಇದರ ಬಗ್ಗೆ ನಮಗೆ ಅಭಿಮಾನವಿದೆ. ಆದರೆ ಈ ಸಂಭ್ರಮದೊಳಗೆ ಒಂದು ಅನ್ಯಾಯವನ್ನೂ ಊರಿನಿಂದ ಹೊತ್ತು ತಂದು ಕೂತಿದ್ದೇವೆ. ಇಂದು ಅದರ ಮಾತು.

ಡೊಂಬಿವಲಿ ಪೂರ್ವದಲ್ಲಿ ನಮ್ಮದೇ ಕಟ್ಟಡದ ಒಂದು ಮನೆ. ವಿಜಯಪುರದ ಕಡೆಯವರು. ಗಂಡ ತೀರಿಕೊಂಡಾಗ ಹಿರಿಯ ಮಗ ಆರನೆಯ ಇಯತ್ತೆ, ಮಗಳು ಮೂರನೆಯದು. ಕುಟುಂಬ ಪಿಂಚಣಿಯ ಮೇಲೆ ಮನೆ ನಡೆಯಬೇಕು. ಆ ತಾಯಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಪಾತಿಯ ಡಬ್ಬಿ ಕಟ್ಟಿ ಕೊಟ್ಟು ಮಿಕ್ಕ ಖರ್ಚು ಸರಿತೂಗಿಸಿದರು. ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನ ಸಾಲಿನಲ್ಲಿ ನಿಂತರು. ಮಗನ ಇಂಜಿನಿಯರಿಂಗ್ ಶುಲ್ಕದ ಸಾಲಕ್ಕೆ ಅವರ ಸಹಿ, ಮನೆಯ ಕರಾರಿಗೆ ಅವರ ಸಹಿ, ಮಗನ ಮದುವೆಯ ಆಮಂತ್ರಣಪತ್ರಿಕೆಯ ಮೇಲೆ ಅವರ ಹೆಸರು. ಸೊಸೆ ಕಲ್ಯಾಣದ ಮರಾಠಿ ಹುಡುಗಿ, ಒಳ್ಳೆಯ ಮನೆತನ.

ಮದುವೆಯಾಗಿ ಮದುಮಕ್ಕಳು ಸಂಜೆ ಮನೆಗೆ ಬಂದರು. ಬಾಗಿಲಲ್ಲಿ ಎಲ್ಲ ಸಿದ್ಧವಿತ್ತು. ಆರತಿ ಎತ್ತುವ ಹೊತ್ತಿಗೆ ಮೇಲಿನ ಮಾಳಿಗೆಯಿಂದ ನಮ್ಮ ಮನೆಯವರನ್ನೂ, ಎದುರು ಮನೆಯ ಮತ್ತೊಬ್ಬ ಮುತ್ತೈದೆಯನ್ನೂ ಕರೆದರು. ಹೆತ್ತ ತಾಯಿ? ಆಕೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಸೆರಗು ಹೊದ್ದು ನಿಂತಿದ್ದರು. ನಮ್ಮ ಮನೆಯವರು ಸಂಕೋಚದಿಂದ, "ನೀವೇ ಬರ್ರಿ ವೈನಿ" ಎಂದರು. "ಬ್ಯಾಡವಾ, ನೀ ಎತ್ತು. ಈ ಕೈ ಬ್ಯಾಡ, ಶುಭ ಕಾರ್ಯ ಐತಿ" ಎಂದು ಬಿಟ್ಟರು. ಅಲ್ಲಿ ನಾವಿಪ್ಪತ್ತು ಜನ ಇದ್ದೆವು. ಒಬ್ಬರೂ ತುಟಿ ಎರಡು ಮಾಡಲಿಲ್ಲ. ನಾವೂ ಕೂಡ. ಸೊಸೆ ಒಳಗೆ ಬಂದ ಮೇಲೆ "ಆಯಿ ಎಲ್ಲಿ?" ಎಂದು ಹುಡುಕಿಕೊಂಡು ಅಡುಗೆಮನೆಗೆ ಹೋಗಿ ಕಾಲಿಗೆ ನಮಸ್ಕರಿಸಿದಳು. ಪಾಪ, ತನ್ನ ಅತ್ತೆಯನ್ನು ಆಕೆ ಹೊಸ ಮನೆಯಲ್ಲಿ ಮೊದಲು ನೋಡಿದ್ದು ಒಲೆಯ ಮುಂದೆ. ಸಾಲಕ್ಕೆ ಬೇಕಾದ ಆ ಕೈ ಆರತಿಗೆ ಬೇಡವಾಯಿತು.

ನಮ್ಮ ಹಳೆಯ ಬಿ.ಎಸ್‌ಸಿ. ಅಭ್ಯಾಸ, ಯಾವುದಕ್ಕೂ ಕಾರಣ ಕೇಳದೆ ಇರಲಾಗದು. ಆರತಿಯ ಕೆಂಪು ನೀರು ಹೇಗಾಗುತ್ತದೆ ನೋಡಿ. ಅಗಲವಾದ ತಟ್ಟೆಯಲ್ಲಿ ಎರಡು ಲೋಟ ನೀರು, ಅದಕ್ಕೆ ಅರ್ಧ ಚಮಚ ಅರಿಸಿನ, ತೊಗರಿಬೇಳೆಯಷ್ಟು ಎಲೆಗೆ ಹಚ್ಚುವ ಸುಣ್ಣ. ಸುಣ್ಣ ಬಿದ್ದು ಬೆರಳಾಡಿಸಿದ ಕೂಡಲೇ ಹಳದಿ ನೀರು ಕೆಂಪಾಗುತ್ತದೆ. ಅರಿಸಿನದ ಬಣ್ಣದ ಅಂಶ ಕ್ಷಾರ ತಾಗಿದರೆ ಕೆಂಪಾಗುವ ಗುಣದ್ದು. ಲಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಡಬ್ಬಿಯಲ್ಲಿ ಗಾಳಿಯಾಡಿ ಒಣಗಿ ಕಲ್ಲಾದ ಸುಣ್ಣ ಹಾಕಿದರೆ ಬಣ್ಣ ಸರಿಯಾಗಿ ಏರುವುದಿಲ್ಲ. ಏಕೆಂದರೆ ಗಾಳಿಗೆ ಅದರ ಕ್ಷಾರ ಕುಂದಿರುತ್ತದೆ. ಹಾಗೇನಾದರೂ ಆದರೆ ಮನೆಯ ಹಿರಿಯರು ಮುಖ ಮುಖ ನೋಡಿ, ಯಾರ ದೃಷ್ಟಿಯೋ ಎನ್ನುತ್ತಾರೆ. ದೋಷ ಡಬ್ಬಿಯ ಮುಚ್ಚಳದ್ದು! ಅರಿಸಿನ, ಸುಣ್ಣ, ನೀರು ಇವು ಮೂರು ಕೂಡಿದರೆ ಕೆಂಪು. ಕಲಸಿದ ಕೈಗೆ ಗಂಡನಿದ್ದಾನೋ ಇಲ್ಲವೋ ಎಂದು ಆ ನೀರು ಕೇಳುವುದಿಲ್ಲ. ಆ ಸಂಜೆ ಆ ನೀರನ್ನು ಅಡುಗೆಮನೆಯಲ್ಲಿ ಕಲಸಿ ಕೊಟ್ಟವರು ಯಾರೆಂದು ಬಲ್ಲಿರಾ? ಅದೇ ತಾಯಿ. ಕಲಸಬಹುದು, ಎತ್ತಬಾರದು! ಇದು ಯಾವ ನ್ಯಾಯ?

"ಶಾಸ್ತ್ರದಲ್ಲಿದೆ" ಎಂಬುದು ಮೊದಲನೆಯ ಉತ್ತರ. ಕಚೇರಿಯಲ್ಲಿ ಯಾರಾದರೂ "ಆದೇಶವಿದೆ" ಎಂದರೆ, ಯಾವ ಕಡತದಲ್ಲಿ ಎಂದು ಕೇಳುವುದು ನಮ್ಮ ವೃತ್ತಿಧರ್ಮ. ಇಲ್ಲಿಯೂ ಕೇಳಿದೆವು. ಆಪಸ್ತಂಬ ಗೃಹ್ಯಸೂತ್ರದಲ್ಲಿ ವಧು ಮನೆ ಹೊಗುವ ಪ್ರಸಂಗವಿದೆ. ಬಲಗಾಲನ್ನಿಟ್ಟು ಒಳಗೆ ಬರಬೇಕು, ಹೊಸ್ತಿಲ ಮೇಲೆ ನಿಲ್ಲಬಾರದು ಎಂದು ಅಲ್ಲಿ ಹೇಳಿದೆ. ನಮ್ಮ ಅಜ್ಜಿಯರು ಹೇಳುತ್ತ ಬಂದದ್ದೂ ಇದನ್ನೇ. ಬಾಗಿಲಲ್ಲಿ ಆರತಿಯ ತಟ್ಟೆಯನ್ನು ಯಾರು ಹಿಡಿಯಬೇಕೆಂಬ ಮಾತು ಆ ಪ್ರಸಂಗದಲ್ಲಿಲ್ಲ. ಆ ಮದುವೆ ಮಾಡಿಸಿದ ಭಟ್ಟರನ್ನೇ ಕೇಳಿದಾಗ, "ಇದು ಮಂತ್ರದ ವಿಷಯ ಅಲ್ಲ ರಾಯರೇ, ಹೆಂಗಸರ ರೂಢಿ" ಎಂದು ಕೈ ತೊಳೆದುಕೊಂಡರು. ರೂಢಿಯಾದರೆ ರೂಢಿಸಿದವರೇ ಬದಲಿಸಬಹುದು. ಸೇರಿನ ವಿಷಯದಲ್ಲಿ ಬದಲಿಸಿಯೂ ಇದ್ದೇವೆ. ಮೊದಲು ಸೇರು ಒದೆಯುವುದು ಎನ್ನುತ್ತಿದ್ದೆವು. ಅನ್ನವನ್ನು ಒದೆಯಬಾರದೆಂದು ಈಗ ಬಹಳ ಮನೆಗಳಲ್ಲಿ ಬಲಗಾಲ ಬೆರಳಿನಿಂದ ಮೆಲ್ಲಗೆ ತಾಗಿಸಿ ಅಕ್ಕಿ ಒಳಮುಖವಾಗಿ ಚೆಲ್ಲುವಂತೆ ಮಾಡುತ್ತಾರೆ. ಯಾರ ಆಕಾಶವೂ ಕಳಚಿ ಬೀಳಲಿಲ್ಲ. ಅಕ್ಕಿಗೆ ತೋರಿದ ಮರ್ಯಾದೆಯನ್ನು ಹೆತ್ತವ್ವಗೆ ತೋರಲು ನಮಗೇಕೆ ಕಷ್ಟ?

ಎರಡನೆಯದು ಭಯ. "ನಾಳೆ ಸೊಸೆಗೆ, ಮಗನಿಗೆ ಏನಾದರೂ ಹೆಚ್ಚುಕಡಿಮೆ ಆದರೆ?" ಈ ಭಯವನ್ನು ನಾವು ನಗೆಗೀಡು ಮಾಡುವುದಿಲ್ಲ. ಆ ತಾಯಿಯ ಹಿಂಜರಿಕೆಯ ಬೇರೂ ಇಲ್ಲಿಯೇ ಇದೆ. ಏನಾದರೂ ಆದರೆ ಬೆರಳು ತನ್ನ ಕಡೆಗೇ ತಿರುಗುತ್ತದೆಂದು ಆಕೆಗೆ ಗೊತ್ತು. ಆದರೆ ವಾಚಕರು ಒಂದು ಕ್ಷಣ ಲೆಕ್ಕ ಹಾಕಿ ನೋಡಬೇಕು. ಇಂದು ಅಡುಗೆಮನೆಯ ಸಂದಿಯಲ್ಲಿ ನಿಂತ ವಿಧವೆಯೂ ಒಂದು ದಿನ ಹೊಸ ಸೊಸೆಯಾಗಿ ಹೊಸ್ತಿಲಲ್ಲಿ ನಿಂತಿದ್ದಳು. ಅಂದು ಆಕೆಗೆ ಆರತಿ ಎತ್ತಿದವರು ಯಾರು? ಇಬ್ಬರು ಮುತ್ತೈದೆಯರೇ! ನಮ್ಮಲ್ಲಿ ವಿಧವೆಯರಾದವರೆಲ್ಲರನ್ನೂ ಬರಮಾಡಿಕೊಂಡದ್ದು ಮುತ್ತೈದೆಯರ ಕೈಯೇ. ಆ ಕೈಗೆ ಗಂಡನ ಆಯುಷ್ಯವನ್ನು ಕಾಯುವ ಶಕ್ತಿ ಇದ್ದಿದ್ದರೆ ನಮ್ಮಲ್ಲಿ ವಿಧವೆಯರೇ ಇರುತ್ತಿರಲಿಲ್ಲ. ಕಾಯುವ ಶಕ್ತಿ ಇಲ್ಲದ ಮೇಲೆ ಕೆಡಿಸುವ ಶಕ್ತಿ ಎಲ್ಲಿಂದ ಬಂತು? ಇನ್ನು ಹೆಂಡತಿ ತೀರಿಕೊಂಡ ಮಾವನನ್ನು ನೋಡಿ. ಆತ ಬಾಗಿಲಲ್ಲೇ ನಿಂತು ಅಳಿಯನ ಕೈ ಹಿಡಿದು "ಬರ್ರಿ ಬರ್ರಿ" ಎಂದು ಒಳಗೆ ಕರೆಯುತ್ತಾನೆ. ಆತನ ಕೈ ಅಪಶಕುನವೆಂದು ಯಾರೂ ಅಂದದ್ದನ್ನು ನಾವು ಕೇಳಿಲ್ಲ.

ಮೂರನೆಯದು, "ಆಕೆಯೇ ಬ್ಯಾಡ ಅಂತಾಳ್ರೀ, ನಾವೇನು ಮಾಡೋಣು?" ಎಂಬ ಮಾತು. ಇದು ಎಲ್ಲಕ್ಕಿಂತ ಜಾಣತನದ ತಪ್ಪಿಸಿಕೊಳ್ಳುವಿಕೆ. ಇಪ್ಪತ್ತು ಜನರ ಎದುರಿಗೆ, ಮದುಮಕ್ಕಳು ಮೆಟ್ಟಿಲ ಮೇಲೆ ನಿಂತಿರುವಾಗ ಕೇಳಿದರೆ ಯಾವ ಹೆಂಗಸು ತಾನೇ ಹೂಂ ಎಂದಾಳು? ಇಪ್ಪತ್ತು ವರ್ಷ ಅರಿಸಿನ ಕುಂಕುಮಕ್ಕೆ ಕರೆಯದೆ ಬಿಟ್ಟು, ಒಂದು ಸಂಜೆ ಬಾಯಿಮಾತಿಗೆ "ಬರ್ರಿ" ಎಂದರೆ ಅದು ಕೇಳಿದ ಹಾಗಾಗುವುದಿಲ್ಲ. ಕೇಳುವುದಕ್ಕೂ ಒಂದು ರೀತಿ ಇದೆ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆಯೇ ಕೇಳಬೇಕು, ಕೇಳುವವನು ಮಗನಾಗಬೇಕು. ಮಗಳ ಮದುವೆಯಾದರೆ ಮಗಳು ಕೇಳಬೇಕು. ಬೀಗರಿಗೂ ಮೊದಲೇ ತಿಳಿಸಿಬಿಡಬೇಕು. ಬಾಗಿಲಲ್ಲಿ ಯಾರೂ ಹುಬ್ಬೇರಿಸಬಾರದು. ಇಷ್ಟಾಗಿಯೂ ಆಕೆಗೆ ಮನಸ್ಸಿಲ್ಲವಾದರೆ ಒತ್ತಾಯ ಬೇಡ. ಆಗ ಮುತ್ತೈದೆಯರೇ ಆರತಿ ಎತ್ತಲಿ. ಆದರೆ ತಾಯಿ ಬಾಗಿಲಲ್ಲೇ ನಿಂತಿರಲಿ, ಸೊಸೆಯ ಕೈ ಹಿಡಿದು ಒಳಗೆ ಕರೆತರುವವಳು ಆಕೆಯೇ ಆಗಲಿ. ಒಲೆಯ ಮುಂದೆ ನಿಲ್ಲಿಸುವುದೊಂದು ಬೇಡ.

ಮಹಾರಾಷ್ಟ್ರದಲ್ಲಿ ಬಾಳುವ ನಮಗೆ ದೂರದ ಉದಾಹರಣೆ ಬೇಕಿಲ್ಲ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಕರ್ನಾಟಕದ ಗಡಿಗೆ ಹತ್ತಿರದ ಹಳ್ಳಿ. ಗಂಡ ಸತ್ತಾಗ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಯುವುದು, ಇವನ್ನು ನಿಲ್ಲಿಸಬೇಕೆಂದು ಆ ಗ್ರಾಮಪಂಚಾಯತಿ 2022ರ ಮೇ 4ರಂದು ಠರಾವು ಮಾಡಿತು. ಅದೇ ತಿಂಗಳಲ್ಲಿ ರಾಜ್ಯ ಸರಕಾರ ಇತರ ಗ್ರಾಮಪಂಚಾಯತಿಗಳೂ ಇದನ್ನು ಅನುಸರಿಸುವಂತೆ ಸುತ್ತೋಲೆ ಕಳಿಸಿತು. ನಮ್ಮ ತುಳುನಾಡಿನ ಬಂಧುಗಳಿಗೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರ ಹೊಸದಲ್ಲ. ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ದೇವರಿಗೇ ಮಂಗಳಾರತಿ ಎತ್ತಬಹುದಾದ ಕೈ ಸೊಸೆಗೆ ಎತ್ತಬಾರದೆ? ಆದರೆ ಒಂದು ಮಾತು ನಿಜ. ಠರಾವು, ಸುತ್ತೋಲೆಗಳು ನಮ್ಮ ಮನೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತವೆ. ಹೊಸ್ತಿಲ ಒಳಗಿನದು ನಮ್ಮ ಕೆಲಸ.

ಅದೇ ಮನೆಯಲ್ಲಿ ಮಗಳ ಮದುವೆಯೂ ಆಯಿತು. ಅಳಿಯ ಮೊದಲ ದೀಪಾವಳಿಗೆ ಬರುವವನಿದ್ದ. ಈ ಸಲ ಸುಮ್ಮನಿರಬಾರದೆಂದು ನಾವೂ ನಮ್ಮ ಮನೆಯವರೂ ಹದಿನೈದು ದಿನ ಮುಂಚೆಯೇ ಹೋಗಿ ಕುಳಿತೆವು. ನಮಗಿಂತ ಮೊದಲು ಸೊಸೆಯೇ ಮಾತೆತ್ತಿದ್ದಳು. "ನನ್ನನ್ನಂತೂ ನೀವು ಬಾಗಿಲಲ್ಲಿ ಕರೀಲಿಲ್ಲ, ಅವರನ್ನಾದರೂ ಕರೀರಿ ಆಯಿ" ಎಂದಿದ್ದಳಂತೆ, ಕಲಿತ ಹರಕು ಕನ್ನಡದಲ್ಲಿ. ಆ ಮಾತು ನಮ್ಮ ಎಲ್ಲ ತರ್ಕಕ್ಕಿಂತ ನೇರವಾಗಿ ಹೋಗಿ ತಾಗಿತ್ತು.

ನರಕ ಚತುರ್ದಶಿಯ ಹಿಂದಿನ ಸಂಜೆ ಅಳಿಯ, ಮಗಳು ಬಂದರು. ಸೊಸೆ ಅಳಿಯನ ಕಾಲಿಗೆ ನೀರು ಕೊಟ್ಟಳು. ತಾಯಿ ಭಕ್ಕರಿಯ ತುಣುಕು ನಿವಾಳಿಸಿ ಹೊರಗೆ ಹಾಕಿಸಿದರು. ಆಮೇಲೆ ತಟ್ಟೆ ಎತ್ತಿದರು. ಕೈ ನಡುಗುತ್ತಿತ್ತು, ಕೆಂಪು ನೀರು ತುಳುಕಿ ರಂಗೋಲಿಯ ಮೇಲೆ ಬಿತ್ತು. ಸೊಸೆ ತಟ್ಟೆಯ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಕೂಡಿ ಮೂರು ಸುತ್ತು ಬೆಳಗಿದರು, ಹಣೆಗೆ ಹಚ್ಚಿದರು. ಎದುರು ಮನೆಯ ಹಿರಿಯರೊಬ್ಬರು ಬಾಗಿಲು ಹಾಕಿಕೊಂಡದ್ದೂ ನಿಜ, ಬಚ್ಚಿಡುವುದಿಲ್ಲ. ಮರುದಿನ ಅವರೂ ಫರಾಳ ತಿನ್ನಲು ಬಂದರು.

ನಮ್ಮ ಕಟ್ಟಡದ ಮೆಟ್ಟಿಲ ಬಳಿ ಅರಿಸಿನ-ಸುಣ್ಣದ ಆ ಕಲೆ ಇನ್ನೂ ಪೂರ್ತಿ ಹೋಗಿಲ್ಲ. ಸೊಸೈಟಿಯ ಕಾರ್ಯದರ್ಶಿ ಎರಡು ಸಲ ತಕರಾರು ಮಾಡಿದ್ದಾರೆ. ಇರಲಿ ಬಿಡಿ. ನಿಮ್ಮ ಮನೆಗೂ ಸೊಸೆಯೋ ಅಳಿಯನೋ ಬರುವ ದಿನ ಹತ್ತಿರವಿದ್ದರೆ, ಸೇರು ಎಲ್ಲಿದೆಯೆಂದು ಹುಡುಕುವ ಮುಂಚೆ ಅಡುಗೆಮನೆಯ ಸಂದಿಯಲ್ಲಿ ಯಾರು ನಿಂತಿದ್ದಾರೆಂದು ಒಮ್ಮೆ ನೋಡಿ.