ಉತ್ತರ ಹೇಳುವ ವಿಡಿಯೊ ಸಾಕು, ಹಂತ ಬಿಡದ ವಿಡಿಯೊ ಬೇಕು

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಬೈಲಹೊಂಗಲದಿಂದ ರಾಮದುರ್ಗದವರೆಗೆ ಮಕ್ಕಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ನಮೂನೆಯ ಲಿಂಕ್‌ಗಳು ಓಡಾಡತೊಡಗುತ್ತವೆ. ‘ಈ ಹತ್ತು ಪ್ರಶ್ನೆ ಬಂದೇ ಬರುತ್ತವೆ’, ‘ಇಷ್ಟು ಓದಿದರೆ ಪಾಸು ಗ್ಯಾರಂಟಿ’. ಪ್ರಶ್ನೆಪತ್ರಿಕೆ ಯಾವ ಯೂಟ್ಯೂಬ್ ಚಾನೆಲ್‌ನವರಿಗೂ ಮೊದಲೇ ಸಿಗುವುದಿಲ್ಲ. ಬರುವುದು ಊಹೆ, ಹೋಗುವುದು ಮಕ್ಕಳ ವೇಳೆ.

ನಮ್ಮ ವಾದ ಇಷ್ಟೇ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವಿಡಿಯೊ ಮಾಡುವ ಮಾಸ್ತರು, ಅಕ್ಕೋರು ಇನ್ನೂ ಹೆಚ್ಚು ವಿಡಿಯೊ ಮಾಡಬೇಕಾಗಿಲ್ಲ. ಒಂದು ವಿಡಿಯೊದಲ್ಲಿ ಒಂದೇ ವಿಷಯ ಹಿಡಿದು, ನಡುವಿನ ಒಂದು ಹಂತವನ್ನೂ ಬಿಡದೆ, ತಪ್ಪಾದರೆ ಎಲ್ಲರಿಗೂ ಕಾಣುವಂತೆ ತಿದ್ದಿದರೆ ಸಾಕು. ದೊಡ್ಡ ಕ್ಯಾಮೆರಾ, ಸ್ಟುಡಿಯೊ ಯಾವುದೂ ಬೇಡ.

ಪಾಠವನ್ನು ಪರದೆಗೆ ತರುವುದು ನಮಗೆ ಹೊಸದಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆದರೆ ಟಿವಿ ಪಾಠಕ್ಕೆ ಒಂದು ಮಿತಿ ಇತ್ತು. ಅದು ತನ್ನ ವೇಳೆಗೆ ಬಂದು ತನ್ನ ವೇಗಕ್ಕೆ ಹೋಗುತ್ತದೆ. ಅರ್ಥವಾಗದ ಕಡೆ ನಿಲ್ಲಿಸಿ ಹಿಂದಕ್ಕೆ ಹೋಗಲು ಬರುವುದಿಲ್ಲ. ಫೋನಿನಲ್ಲಿರುವ ವಿಡಿಯೊದ ದೊಡ್ಡ ಲಾಭವೇ ನಿಲ್ಲಿಸುವುದು ಮತ್ತು ಹಿಂದಕ್ಕೆ ಹೋಗುವುದು. ಇಷ್ಟಾದರೂ ನಮ್ಮ ಬಹಳ ಚಾನೆಲ್‌ಗಳು ಮುಕ್ಕಾಲು ತಾಸಿನ ತರಗತಿಯನ್ನು ಹಾಗೆಯೇ ಹಿಡಿದು ಹಾಕುತ್ತವೆ. ಅಪ್ಪ ಹೊಲದಿಂದ ಬಂದ ಮೇಲೆ ಒಂದು ತಾಸು ಫೋನ್ ಸಿಗುವ ಹುಡುಗಿ ಅದರಲ್ಲಿ ತನಗೆ ಬೇಕಾದ ಎರಡು ನಿಮಿಷ ಎಲ್ಲಿ ಹುಡುಕಬೇಕು?

ಒಂದು ಲೆಕ್ಕವನ್ನೇ ಹಿಡಿದು ನೋಡೋಣ. ಹತ್ತನೇ ತರಗತಿಯ ಸಮಾಂತರ ಶ್ರೇಢಿ. ಪ್ರಶ್ನೆ: 7ರಿಂದ ಭಾಗವಾಗುವ ಎರಡಂಕಿಯ ಸಂಖ್ಯೆಗಳು ಎಷ್ಟು?

ಸಾಮಾನ್ಯವಾಗಿ ವಿಡಿಯೊದಲ್ಲಿ ಸೂತ್ರ ಬರೆದು, ಬೆಲೆ ಹಾಕಿ, n = 13 ಎಂದು ಮುಗಿಸುತ್ತಾರೆ. ನೋಡುವಾಗ ಎಲ್ಲ ತಿಳಿದಂತೆಯೇ ಅನಿಸುತ್ತದೆ. ಮರುದಿನ ವಹಿ ತೆರೆದರೆ ಕೈ ಓಡುವುದಿಲ್ಲ. ಯಾಕೆಂದರೆ ಈ ಲೆಕ್ಕದಲ್ಲಿ ಮಕ್ಕಳು ಎಡವುವುದು ಎರಡು ಕಡೆ, ಆ ಎರಡೂ ಕಡೆ ವಿಡಿಯೊ ಓಡಿಹೋಗಿರುತ್ತದೆ.

ಮೊದಲನೆಯದು, ಶ್ರೇಢಿ ಎಲ್ಲಿ ಶುರು, ಎಲ್ಲಿ ಕೊನೆ ಎನ್ನುವುದು. ಪ್ರಶ್ನೆಯಲ್ಲಿ 14 ಇಲ್ಲ, 98 ಇಲ್ಲ, ನಾವೇ ಹುಡುಕಬೇಕು. 7 ಒಂದಂಕಿ, ಹಾಗಾಗಿ ಮೊದಲ ಪದ 14. ಕೊನೆಯದಕ್ಕೆ 99ನ್ನು 7ರಿಂದ ಭಾಗಿಸಿದರೆ ಶೇಷ 1, ಅದನ್ನು ಕಳೆದರೆ 98. ಇಷ್ಟನ್ನು ಬಾಯಲ್ಲಿ ಹೇಳಿ ಬಿಡದೆ ಬೋರ್ಡಿನ ಮೇಲೆ ಮಾಡಿ ತೋರಿಸಬೇಕು. ಆಮೇಲೆ ಸೂತ್ರ:

```
a = 14, d = 7, aₙ = 98
aₙ = a + (n − 1)d
98 = 14 + (n − 1)7
84 = (n − 1)7
n − 1 = 12
n = 13
```

ಎರಡನೆಯ ಎಡವು 12 ಬಂದಲ್ಲಿ. ಎಷ್ಟೋ ಮಕ್ಕಳು 84ನ್ನು 7ರಿಂದ ಭಾಗಿಸಿ, 12 ಬಂತೆಂದು ಅದನ್ನೇ ಉತ್ತರ ಬರೆದುಬಿಡುತ್ತಾರೆ. ಇಲ್ಲಿ ಮಾಸ್ತರು ನಿಲ್ಲಬೇಕು. ಹೊಲದ ಬದುವಿಗೆ ನೇರವಾಗಿ ಬೇಲಿ ಕಂಬ ನೆಟ್ಟದ್ದನ್ನು ನಮ್ಮ ಮಕ್ಕಳು ನೋಡಿದ್ದಾರೆ. ಕಂಬಗಳ ನಡುವೆ ಹನ್ನೆರಡು ಸಂದು ಇದ್ದರೆ ಕಂಬ ಎಷ್ಟು? ಹದಿಮೂರು. 14ರಿಂದ 98ಕ್ಕೆ ಹೋಗಲು ಹನ್ನೆರಡು ಜಿಗಿತ ಬೇಕು. ಆದರೆ ಎಣಿಸಬೇಕಾದ್ದು ಜಿಗಿತಗಳನ್ನಲ್ಲ, ಸಂಖ್ಯೆಗಳನ್ನು. ಸೂತ್ರದಲ್ಲಿ n ಬದಲು n − 1 ಯಾಕಿದೆ ಎನ್ನುವುದು ಇಷ್ಟರಲ್ಲಿ ತಿಳಿಯುತ್ತದೆ. ಒಮ್ಮೆ ತಿಳಿದ ಹುಡುಗ ಸೂತ್ರ ಮರೆತರೂ ಮತ್ತೆ ಕಟ್ಟಿಕೊಳ್ಳುತ್ತಾನೆ.

ವಿಡಿಯೊ ಇಲ್ಲಿಗೆ ಮುಗಿಯಬಾರದು. ‘ಈಗ ಫೋನ್ ನಿಲ್ಲಿಸಿ, 8ರಿಂದ ಭಾಗವಾಗುವ ಎರಡಂಕಿ ಸಂಖ್ಯೆ ಎಷ್ಟೆಂದು ವಹಿಯಲ್ಲಿ ಬಿಡಿಸಿ’ ಎನ್ನಬೇಕು. ಆಮೇಲೆ ಉತ್ತರ: 16ರಿಂದ 96, ನಡುವಿನ ಅಂತರ 80, ಹತ್ತು ಜಿಗಿತ, ಹನ್ನೊಂದು ಸಂಖ್ಯೆ. ನೋಡಿ ತಲೆ ಆಡಿಸುವುದು ಒಂದು, ಕೈಯಿಂದ ಬಿಡಿಸುವುದು ಇನ್ನೊಂದು. ಪರೀಕ್ಷೆಯಲ್ಲಿ ಅಂಕ ಎರಡನೆಯದಕ್ಕೇ. ಗಣಿತದಲ್ಲಿ ಹಂತಗಳಿಗೂ ಅಂಕ ಇರುವುದರಿಂದ, ಕೊನೆಯ ಉತ್ತರ ತಪ್ಪಿದ ಹುಡುಗನಿಗೂ ಬರೆದ ಹಂತಗಳು ಕೈ ಹಿಡಿಯುತ್ತವೆ.

ಭಾಷೆಯ ಮಾತೂ ಇಲ್ಲಿಯೇ ಬರುತ್ತದೆ. ‘ಪ್ರತಿ ಸಲ ಎಷ್ಟು ಜಿಗದೈತಿ ನೋಡ್ರಿ’ ಎಂದು ನಮ್ಮ ಮಾತಿನಲ್ಲಿ ಹೇಳಿದರೆ ಪಾಠ ಹತ್ತಿರವಾಗುತ್ತದೆ. ಅದನ್ನು ಬಿಟ್ಟು ಪುಸ್ತಕದ ಭಾಷೆ ಒದರಬೇಕೆಂದು ನಾವು ಹೇಳುವುದಿಲ್ಲ. ಆದರೆ ಬೋರ್ಡಿನ ಮೇಲೆ ‘ಸಾಮಾನ್ಯ ವ್ಯತ್ಯಾಸ’ ಎಂದೇ ಬರೆಯಬೇಕು, ಯಾಕೆಂದರೆ ಪ್ರಶ್ನೆಪತ್ರಿಕೆಯಲ್ಲಿ ಬರುವುದು ಆ ಪದ. ಇಂಗ್ಲಿಷ್ ಮಾಧ್ಯಮದ ಮಕ್ಕಳೂ ನೋಡುತ್ತಾರೆ ಎಂದಾದರೆ ‘ಕಾಮನ್ ಡಿಫರೆನ್ಸ್’ ಎಂದು ಒಮ್ಮೆ ಹೇಳಿದರೆ ಆಯಿತು.

ಇನ್ನು ಕಾಣುವ ಪ್ರಶ್ನೆ. ಡೇಟಾ ಉಳಿಸಲು, ಇಲ್ಲವೆ ನೆಟ್‌ವರ್ಕ್ ಸಿಗದೆ, ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ 144p ಗುಣಮಟ್ಟದಲ್ಲಿ ನೋಡುತ್ತಾರೆ. ಇದರ ಅರ್ಥ, ಚಿತ್ರದ ಎತ್ತರದಲ್ಲಿ ಇರುವುದು ಬರೀ 144 ಗೆರೆ. ಬೋರ್ಡಿನ ತುಂಬ ಇಪ್ಪತ್ತು ಸಾಲು ಬರೆದರೆ ಒಂದು ಸಾಲಿಗೆ ಸಿಗುವುದು ಸುಮಾರು ಏಳು ಗೆರೆ. ಅಷ್ಟರಲ್ಲಿ ಒತ್ತಕ್ಷರ ಮೂಡುವುದಿಲ್ಲ, ಮೈನಸ್ ಗುರುತು ಕಾಣುವುದಿಲ್ಲ. ಆರೇ ಸಾಲು ಬರೆದರೆ ಒಂದೊಂದಕ್ಕೆ ಇಪ್ಪತ್ತನಾಲ್ಕು ಗೆರೆ ಸಿಗುತ್ತದೆ. ಮೇಲಿನ ಲೆಕ್ಕಕ್ಕೆ ಬೇಕಾದ್ದೂ ಆರೇ ಸಾಲು. ಹಾಗಾಗಿ ವಿಡಿಯೊ ಎಲ್ಲರಿಗೂ ಬಿಡುವ ಮೊದಲು ಮಾಸ್ತರು ಅದನ್ನು ತಮ್ಮ ಫೋನಿನಲ್ಲಿ 144pಗೆ ಇಳಿಸಿ, ಕೈಯಳತೆ ದೂರ ಹಿಡಿದು ನೋಡಲಿ. ಮೈನಸ್ ಕಂಡರೆ ಪಾಸು. ಧ್ವನಿಗೂ ಇಷ್ಟೇ ಸರಳ ಪರೀಕ್ಷೆ: ಕಣ್ಣು ಮುಚ್ಚಿ ಕೇಳಿ, ಫ್ಯಾನಿನ ಸದ್ದು ಮಾತನ್ನು ನುಂಗಿದ್ದರೆ ಫ್ಯಾನ್ ಬಂದ್ ಮಾಡಿ ಮತ್ತೆ ಮಾಡಿ.

ಪುನರಾವರ್ತನೆಗೆ ಬೇಕಾದದ್ದು ಗುರುತು. ವಿಡಿಯೊದ ಕೆಳಗಿನ ವಿವರಣೆಯಲ್ಲಿ ವೇಳೆ ಬರೆದರೆ ಯೂಟ್ಯೂಬ್ ತಾನೇ ವಿಡಿಯೊವನ್ನು ಭಾಗಗಳಾಗಿ ತೋರಿಸುತ್ತದೆ. ಮೊದಲ ವೇಳೆ 0:00 ಇರಬೇಕು, ಕನಿಷ್ಠ ಮೂರು ಭಾಗ ಇರಬೇಕು, ಪ್ರತಿಯೊಂದೂ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು.

```
0:00 ಪ್ರಶ್ನೆ
0:40 ಮೊದಲ ಪದ, ಕೊನೆಯ ಪದ ಹುಡುಕುವುದು
2:10 ಸೂತ್ರ ಹಾಕುವುದು
3:50 12 ಯಾಕಲ್ಲ, 13 ಯಾಕೆ
5:20 ನೀವೇ ಬಿಡಿಸಿ
6:00 ಉತ್ತರ
```

ಪರೀಕ್ಷೆಯ ಹಿಂದಿನ ರಾತ್ರಿ ಅದೇ ಹುಡುಗಿ ನೇರವಾಗಿ 3:50ಕ್ಕೆ ಹೋಗುತ್ತಾಳೆ. ಮುಕ್ಕಾಲು ತಾಸು ಹುಡುಕುವುದು ತಪ್ಪಿತು.

ಕೊನೆಗೆ ನಂಬಿಕೆ. ಇದಕ್ಕೆ ಉದಾಹರಣೆ ನಮ್ಮ ಮನೆಯ ಅಂಗಳದಲ್ಲೇ ಇದೆ. ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23, ಇದರಲ್ಲಿ ಗೊಂದಲವಿಲ್ಲ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿ. ಆದರೆ ದಿನಾಂಕ ಕೆಲವು ಕಡೆ 2 ಎಂದಿದೆ, ಕೆಲವು ಕಡೆ 21 ಎಂದಿದೆ. ಒಬ್ಬ ಮಾಸ್ತರು ಒಂದನ್ನು, ಇನ್ನೊಬ್ಬರು ಇನ್ನೊಂದನ್ನು ಅಷ್ಟೇ ಗಟ್ಟಿ ದನಿಯಲ್ಲಿ ಹೇಳಿದರೆ ಮಕ್ಕಳು ಯಾರನ್ನು ನಂಬಬೇಕು? ‘ಎರಡು ದಿನಾಂಕ ಬಳಕೆಯಲ್ಲಿವೆ, ನಿಮ್ಮ ಪಠ್ಯಪುಸ್ತಕ ಹೇಳುವುದನ್ನು ಪರೀಕ್ಷೆಗೆ ಬರೆಯಿರಿ’ ಎಂದು ಪುಸ್ತಕದ ಪುಟ ತೆರೆದು ತೋರಿಸುವವರೇ ನಂಬಿಕಸ್ಥರು.

ಪುಟ ತೋರಿಸಿದರೆ ಸಾಲದು, ಯಾವ ವರ್ಷದ ಪುಸ್ತಕ ಎಂದೂ ಹೇಳಬೇಕು. ನಮ್ಮ ರಾಜ್ಯದ ಕನ್ನಡ ಮತ್ತು ಸಮಾಜ ವಿಜ್ಞಾನ ಪಠ್ಯಗಳು 2022ರಲ್ಲಿ ಪರಿಷ್ಕರಣೆಯಾದವು, 2023ರಲ್ಲಿ ಸರ್ಕಾರ ಬದಲಾದ ಮೇಲೆ ಕೆಲವು ಪಾಠ ಮತ್ತೆ ಬದಲಾದವು. ಪುಸ್ತಕ ಬದಲಾದರೂ ಹಳೆಯ ವಿಡಿಯೊ ಯೂಟ್ಯೂಬ್‌ನಲ್ಲಿ ಹಾಗೆಯೇ ಇರುತ್ತದೆ. ಶೀರ್ಷಿಕೆಯಲ್ಲಿ ಶೈಕ್ಷಣಿಕ ವರ್ಷ ಇಲ್ಲದಿದ್ದರೆ, ಇಲ್ಲದ ಪಾಠವನ್ನು ಮಕ್ಕಳು ಕಂಠಪಾಠ ಮಾಡುತ್ತ ಕೂರಬಹುದು.

ತಪ್ಪು ಎಲ್ಲರಿಂದಲೂ ಆಗುತ್ತದೆ. ತಿದ್ದುವುದು ಹೇಗೆ ಎನ್ನುವುದು ಮುಖ್ಯ. ಒಮ್ಮೆ ಹಾಕಿದ ವಿಡಿಯೊದ ಜಾಗದಲ್ಲಿ, ಅದೇ ಲಿಂಕಿಗೆ, ಹೊಸ ವಿಡಿಯೊ ಇಡಲು ಯೂಟ್ಯೂಬ್ ಬಿಡುವುದಿಲ್ಲ. ಅಳಿಸಿದರೆ ಗುಂಪುಗಳಲ್ಲಿ ಹಂಚಿದ ಲಿಂಕ್ ಸಾಯುತ್ತದೆ. ತಪ್ಪು ಬರೆದುಕೊಂಡ ಮಕ್ಕಳಿಗೆ ಅದು ತಪ್ಪೆಂದು ತಿಳಿಯುವುದೇ ಇಲ್ಲ. ಸಣ್ಣ ತಪ್ಪಾದರೆ ಆ ತುಣುಕನ್ನು ಯೂಟ್ಯೂಬ್‌ನ ಎಡಿಟರ್‌ನಲ್ಲೇ ಕತ್ತರಿಸಬಹುದು, ಲಿಂಕ್ ಉಳಿಯುತ್ತದೆ. ಅದರ ಜೊತೆ ಎಷ್ಟನೇ ನಿಮಿಷದಲ್ಲಿ ಏನು ತಪ್ಪಿತ್ತು, ಸರಿಯಾದದ್ದು ಏನು ಎಂದು ಬರೆದು ಆ ಕಮೆಂಟನ್ನು ಮೇಲೆ ಪಿನ್ ಮಾಡಬೇಕು. ಲೆಕ್ಕವೇ ತಪ್ಪಿದ್ದರೆ ಹೊಸ ವಿಡಿಯೊ ಮಾಡಿ, ಹಳೆಯದರ ಶೀರ್ಷಿಕೆಯಲ್ಲೇ ‘ತಿದ್ದಿದ ಪಾಠ ಕೆಳಗಿನ ಲಿಂಕ್‌ನಲ್ಲಿ’ ಎಂದು ಹಾಕಬೇಕು. ಪತ್ರಿಕೆಗಳು ತಿದ್ದುಪಡಿ ಅಚ್ಚು ಹಾಕುವುದು ಇದೇ ಕಾರಣಕ್ಕೆ. ತಪ್ಪು ತೋರಿಸಿದ ಹುಡುಗನ ಕಮೆಂಟ್ ಅಳಿಸುವ ಚಾನೆಲ್‌ಗಿಂತ ಅವನಿಗೆ ಉತ್ತರ ಬರೆಯುವ ಚಾನೆಲ್ ಮೇಲು.

‘ಇಷ್ಟೆಲ್ಲ ಮಾಡಿದರೆ ವ್ಯೂಸ್ ಬರುವುದಿಲ್ಲ, ಮಕ್ಕಳೇ ಇಂಪಾರ್ಟೆಂಟ್ ಪ್ರಶ್ನೆ ಕೇಳುತ್ತಾರೆ’ ಎನ್ನುವ ಮಾಸ್ತರುಗಳ ಮಾತು ಪೂರ್ತಿ ಸುಳ್ಳಲ್ಲ. ಕೊನೆಯ ವಾರದಲ್ಲಿ ಪ್ರಶ್ನೆಗಳ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಊಹೆಯ ಪಟ್ಟಿ ಆಗಬಾರದು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ಜಾಲತಾಣ kseab.karnataka.gov.in ನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಹಾಕುತ್ತದೆ. ಅದನ್ನೂ ಹಳೆಯ ಪತ್ರಿಕೆಗಳನ್ನೂ ಹಿಡಿದು, ಯಾವ ವರ್ಷದ ಯಾವ ಪ್ರಶ್ನೆ ಎಂದು ಹೇಳಿ ಬಿಡಿಸಲಿ. ಪಟ್ಟಿ ಇರಲಿ, ಪ್ರತಿ ಪ್ರಶ್ನೆಯ ಎದುರು ಹಂತ ಬಿಡದ ವಿಡಿಯೊದ ಲಿಂಕೂ ಇರಲಿ.

ಸವದತ್ತಿಯ ಮಾಸ್ತರು ಗಣಿತದ ಒಂದು ಅಧ್ಯಾಯ, ರಾಮದುರ್ಗದ ಅಕ್ಕೋರು ಇನ್ನೊಂದು, ಕಿತ್ತೂರಿನವರು ಇತಿಹಾಸ ಎಂದು ಹಂಚಿಕೊಂಡು, ಒಬ್ಬರ ವಿಡಿಯೊವನ್ನು ಇನ್ನೊಬ್ಬರು ಬಿಡುವ ಮೊದಲೇ ನೋಡಿ ತಪ್ಪು ಹಿಡಿದರೆ ಒಬ್ಬರ ಮೇಲೆ ಭಾರ ಬೀಳುವುದಿಲ್ಲ. ಅಪ್ಪ ಅವ್ವಂದಿರಿಗೆ ಒಂದು ಮಾತು: ಮಗ ವಿಡಿಯೊ ನೋಡಿದ ಮೇಲೆ ‘ತಿಳೀತೇನು?’ ಎಂದು ಕೇಳಬೇಡಿ. ಫೋನ್ ಇಸಿದುಕೊಂಡು, ‘ಅದೇ ಲೆಕ್ಕ ವಹ್ಯಾಗ ಮಾಡಿ ತೋರ್ಸು’ ಎನ್ನಿ. ನಿಮಗೆ ಗಣಿತ ಬರದಿದ್ದರೂ ಪರವಾಗಿಲ್ಲ. ಅವನ ಕೈ ಎಲ್ಲಿ ನಿಂತಿತು ಎನ್ನುವುದು ನಿಮಗೂ ಕಾಣುತ್ತದೆ. ವಿಡಿಯೊದಲ್ಲಿ ಮತ್ತೆ ನೋಡಬೇಕಾದ ಜಾಗ ಅದೇ.