ರಾಜೀನಾಮೆಗೆ ಮುಂಚೆಯೇ ಕೇಳಿ

ಸಂಬಳ ಏರಿಸಲಾಗದ ಸಣ್ಣ ಐಟಿ ಕಂಪನಿಗೆ ‘ಸ್ಟೇ ಇಂಟರ್‌ವ್ಯೂ’ ಬರೀ ಕಾಲಹರಣ, ಎಕ್ಸಿಟ್ ಇಂಟರ್‌ವ್ಯೂ ಸಾಕು ಎಂಬ ವಾದ ತಪ್ಪು. ಹುಬ್ಬಳ್ಳಿಯ 40 ಜನರ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಅಮೆರಿಕದ ಗ್ರಾಹಕರ ಸರ್ವರ್ ಬಲ್ಲವಳು ಒಬ್ಬಳೇ. ರಾತ್ರಿಯ ಆನ್‌ಕಾಲ್ ಪೂರ್ತಿ ಅವಳದೇ. ‘ಏನು ಬದಲಾಗದಿದ್ದರೆ ನೀವು ಬಿಟ್ಟು ಹೋಗುತ್ತೀರಿ?’ ಎಂದು ಟೀಮ್ ಲೀಡ್ ಅರ್ಧ ಗಂಟೆ ಕೂತು ಕೇಳಿದರೆ ಅವಳು ಮೊದಲು ಎತ್ತುವುದು ನಿದ್ದೆಯ ಮಾತು. ಇನ್ನೊಬ್ಬರಿಗೆ ಆ ಕೆಲಸ ಕಲಿಸಿ ವಾರ ಬಿಟ್ಟು ವಾರ ಸರದಿ ಹಾಕುವುದು ಸಣ್ಣ ಕಂಪನಿಯ ಕೈಲಾಗುವ ಸಂಗತಿ. ಆದರೆ ಈ ಮಾತುಕತೆಯನ್ನು ಅಪ್ರೈಸಲ್ ಜೊತೆ ಬೆರೆಸಿದರೆ ಯಾರೂ ಬಾಯಿ ಬಿಡುವುದಿಲ್ಲ. ಕೇಳಿ ಸುಮ್ಮನಾದರಂತೂ ಇನ್ನೂ ಕೆಟ್ಟದ್ದು: ಒಂದನ್ನಾದರೂ ತಾರೀಖು ಕೊಟ್ಟು ಮಾಡಬೇಕು, ಆಗದ್ದನ್ನು ಅಲ್ಲೇ ಆಗದೆನ್ನಬೇಕು. ಎಕ್ಸಿಟ್ ಇಂಟರ್‌ವ್ಯೂ ನಡೆಯುವ ಹೊತ್ತಿಗೆ ಅವಳ ಕೈಯಲ್ಲಿ ಬೇರೆ ಕಂಪನಿಯ ಆಫರ್ ಲೆಟರ್ ಇರುತ್ತದೆ.