ಅಶೋಕಪುರಂನ ಬಟ್ಟೆಯ ಮೇಲೆ ನಾಲ್ಕು ಸಾಲು

ಅಶೋಕಪುರಂನ ಗೆಳೆಯರು ರಕ್ತದಾನ ಶಿಬಿರದ ಬ್ಯಾನರಿಗೆ ಒಂದು ಪದ್ಯ ಬೇಕೆಂದು ಕೇಳಿದ್ದಾರೆ. ಅವರೇ ಬರೆದು ತಂದಿದ್ದ ಸಾಲು ಹೀಗಿತ್ತು: "ನೀನು ಕೊಡದ ತೊಟ್ಟು ರಕ್ತ ಒಬ್ಬ ತಾಯಿಯ ಸಾವು." ಇದನ್ನು ನಾವು ಒಪ್ಪಲಿಲ್ಲ.

ರಕ್ತವನ್ನು ಹಣಕ್ಕೆ ಮಾರುವ ಪದ್ಧತಿ ನಮ್ಮ ದೇಶದಲ್ಲಿ 1998ರ ಜನವರಿ 1ರಿಂದ ನಿಷಿದ್ಧವಾಯಿತು. ಹಣದ ಬೆಲೆ ತೆಗೆದ ಮೇಲೆ ನಾಚಿಕೆಯ ಬೆಲೆ ಕಟ್ಟುವುದು ಯಾವ ನ್ಯಾಯ? ಅದರಿಂದ ಅಪಾಯವೂ ಉಂಟು. ಛೀಮಾರಿಗೆ ಹೆದರಿ ಬಂದವನು ಮೊನ್ನೆ ಕಾಮಾಲೆ ಆಗಿತ್ತೆಂಬುದನ್ನು ವೈದ್ಯರಿಗೆ ಹೇಳುವುದಿಲ್ಲ. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಯೂ ಅದನ್ನು ಹಿಡಿಯದೆ ಹೋಗಬಹುದು. ಆಗ ದಾನಿಯ ನಿಜವಾದ ಮಾತೇ ರೋಗಿಗೆ ಕಾವಲು.

ಇನ್ನು ಮನಸ್ಸಿದ್ದರೂ ಕೊಡಲಾಗದವರ ಮಾತು. ಅನೇಕ ಶಿಬಿರಗಳಲ್ಲಿ ಬೆರಳು ಚುಚ್ಚಿ ಒಂದು ಹನಿಯನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಹನಿ ಬೇಗನೆ ಮುಳುಗಿದರೆ ಹಿಮೋಗ್ಲೋಬಿನ್ 12.5 ಗ್ರಾಂ ಇದೆಯೆಂದು ಅರ್ಥ. ತೇಲಿದರೆ ಆ ದಿನ ಬೇಡ. ಹೊಲಿಗೆಯಂತ್ರದ ಮುಂದಿನಿಂದ ಎದ್ದು, ಅರ್ಧ ದಿನದ ಕೂಲಿ ಬಿಟ್ಟು ಬಂದ ಅಕ್ಕನ ಹನಿ ತೇಲಿತೆನ್ನಿ. ಆಕೆ ತಲೆಯೆತ್ತಿದರೆ ಎದುರಿಗೆ ಕಾಣುವುದು ಈ ಬ್ಯಾನರು! ಅವಳು ಕೊಲೆಗಾರ್ತಿಯೇ? ಅವಳಿಗೆ ಬೇಕಾದದ್ದು ಕಬ್ಬಿಣದ ಮಾತ್ರೆ, ಸೊಪ್ಪು, ಕಾಳು. ಆದ್ದರಿಂದ ನಾವು ಬರೆದುಕೊಟ್ಟದ್ದು ಇದು:

ತಿಂಡಿ ತಿಂದು ಬನ್ನಿ ಅಣ್ಣ, ನೀರು ಕುಡಿದು ಬನ್ನಿ ಅಕ್ಕ,
ತೋಳು ಚಾಚಿ ಮಲಗಿ ಕೊಂಚ, ನಮ್ಮ ಮಂದಿ ನಿಮ್ಮ ಪಕ್ಕ.
ಇಂದು ನಿಮಗೆ ಆಗದಾಯ್ತೆ? ಕೂತು ಕಾಫಿ ಕುಡಿದು ಹೋಗಿ;
ಕೊಟ್ಟ ರಕ್ತ ಹೋದ ಮನೆಗೆ ಹೆಸರು ಇರದ ನೆಂಟರಾಗಿ.

ತಿಂಡಿಯಿಂದ ಪದ್ಯ ಶುರುವಾಯಿತಲ್ಲ ಎಂದು ಒಬ್ಬರು ನಕ್ಕರು. ಖಾಲಿ ಹೊಟ್ಟೆಯಲ್ಲಿ ಬಂದವರಿಗೇ ತಲೆ ಸುತ್ತು ಹೆಚ್ಚು. ಒಬ್ಬರು ಕುಸಿದರೆ ಸಾಲಿನಲ್ಲಿ ನಿಂತ ಉಳಿದವರು ಮೆಲ್ಲಗೆ ಜಾಗ ಖಾಲಿಮಾಡುತ್ತಾರೆ. "ಪಕ್ಕ" ಎಂಬುದು ಕೂಡ ಪ್ರಾಸಕ್ಕಾಗಿ ಬಂದದ್ದಲ್ಲ. ಸೂಜಿ ತೆಗೆದ ಮೇಲೆ ತಟ್ಟನೆ ಎದ್ದವರು ಬೀಳಬಹುದು. ಕಾಲು ಗಂಟೆಯಾದರೂ ಜೊತೆಗೆ ಒಬ್ಬರು ಮಾತನಾಡುತ್ತಿರಬೇಕು. ಕೊನೆಯ ಸಾಲಿನ ನೆಂಟತನವೂ ಉತ್ಪ್ರೇಕ್ಷೆಯಲ್ಲ: 350 ಮಿಲಿಲೀಟರಿನ ಚೀಲ ಯಾವ ಕೇರಿಯದೆಂದು ಅದನ್ನು ಪಡೆದವರಿಗೆ ತಿಳಿಯುವುದೇ ಇಲ್ಲ.

ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಮತ್ತೆ ಕೊಡಬಹುದು. ಇದನ್ನು ಪದ್ಯಕ್ಕೆ ತುರುಕಬಾರದು, ಕಾಫಿಯ ಮೇಜಿನ ಮೇಲೆ ಬರೆದಿಟ್ಟರೆ ಸಾಕು. ಬ್ಯಾನರಿನ ಕೆಳಗೆ ಮಾತ್ರ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಸೇರಿಸಬೇಕೆಂದು ಗೆಳೆಯರಿಗೆ ಹೇಳಿದ್ದೇವೆ: ರೈಲ್ವೆ ಕಾರ್ಯಾಗಾರದಲ್ಲಾಗಲಿ ಬೇರೆಲ್ಲಾಗಲಿ ರಾತ್ರಿ ಪಾಳಿ ಮುಗಿಸಿದವರು ನೇರವಾಗಿ ಬರಬೇಡಿ, ಮಲಗೆದ್ದು ಊಟ ಮಾಡಿ ಮಧ್ಯಾಹ್ನದ ಮೇಲೆ ಬನ್ನಿ.